ಇಂಗ್ಲಿಷ್ ಥೀಸಿಸ್‌ನ ಕೃತಜ್ಞತೆಯ ಪುಟವನ್ನು ಮಲಯಾಳಂಗೆ ತರುವುದು ಹೇಗೆ

ಪಿಎಚ್.ಡಿ. ಮುಗಿಸಿದ ಸಂಶೋಧಕಿಯೊಬ್ಬರು ಎರಡು ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಬೆಂಗಳೂರಿನವರು, ಮನೆಮಾತು ಕನ್ನಡ, ಥೀಸಿಸ್ ಬರೆದದ್ದು ಇಂಗ್ಲಿಷಿನಲ್ಲಿ. ಕಾಸರಗೋಡು ಜಿಲ್ಲೆಯ ದಕ್ಷಿಣದ ಅಂಚಿನ ಪಡನ್ನದಲ್ಲಿ, ಕವ್ವಾಯಿ ಹಿನ್ನೀರಿನ ದಡದಲ್ಲಿ, ಕಲ್ಲುಮ್ಮಕ್ಕಾಯ ಬೆಳೆಸುವ ಹೆಂಗಸರ ದುಡಿಮೆಯ ಬಗ್ಗೆ ಅವರ ಅಧ್ಯಯನ. ಕಲ್ಲುಮ್ಮಕ್ಕಾಯ ಅಂದರೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಜೀವಿ. ಮಳೆ ನಿಂತ ಮೇಲೆ ಅದರ ಮರಿಗಳನ್ನು ಹಗ್ಗಕ್ಕೆ ಸುತ್ತಿ ಹಿನ್ನೀರಿಗೆ ಇಳಿಬಿಡುತ್ತಾರೆ, ಮುಂದಿನ ಮಳೆಗಾಲಕ್ಕೆ ಮೊದಲೇ ಕೀಳುತ್ತಾರೆ. ಆ ಹೆಂಗಸರು ಇಂಗ್ಲಿಷ್ ಥೀಸಿಸ್ ಓದುವವರಲ್ಲ. ಕೃತಜ್ಞತೆಯ ಪುಟವನ್ನಾದರೂ ಮಲಯಾಳಂನಲ್ಲಿ ಅಚ್ಚು ಹಾಕಿಸಿ ಅವರ ಕೈಗೆ ಕೊಡಬೇಕು ಎಂಬುದು ಈಕೆಯ ಆಸೆ.

ಕಾಸರಗೋಡಿನ ನಮ್ಮಂಥ ಕನ್ನಡಿಗರಿಗೆ ಇಂಥ ಕೆಲಸ ಆಗಾಗ ಬರುತ್ತದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಶಾಲೆಯಲ್ಲೇ ಓದಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳಂ ಕಲಿತವರು ನಾವು. ಎರಡೂ ಭಾಷೆ ಗೊತ್ತು ಎಂಬ ಧೈರ್ಯವೇ ಈ ಪುಟದಲ್ಲಿ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಹಾಗಾಗಿ ಆ ಎರಡು ಹಾಳೆಯನ್ನು ಮುಂದಿಟ್ಟುಕೊಂಡೇ ಕೆಲಸದ ಕ್ರಮವನ್ನು ಹೇಳುತ್ತೇನೆ.

ಮಲಯಾಳಂ ಮಾತುಗಳನ್ನು ಇಲ್ಲಿ ಕಿವಿಗೆ ಬೀಳುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಹಳಗನ್ನಡದ ೞ ಮಲಯಾಳಂನಲ್ಲಿ ಇನ್ನೂ ಬದುಕಿದೆ, ಅದು ಬಂದಲ್ಲಿ ಅದನ್ನೇ ಇಟ್ಟಿದ್ದೇನೆ.

ಅನುವಾದಕ್ಕೆ ಮೊದಲು ಕೇಳಬೇಕಾದದ್ದು

ಇಂಗ್ಲಿಷ್ ಪುಟ ಬಹಳಷ್ಟನ್ನು ಹೇಳದೆ ಬಿಡುತ್ತದೆ. ಅದನ್ನು ಬರೆದವರಿಂದಲೇ ಕೇಳಿಕೊಳ್ಳದೆ ಪೆನ್ನು ಹಿಡಿಯಬೇಡಿ. ನಾನು ಆ ದಿನ ಪ್ರತಿ ಹೆಸರಿನ ಎದುರು ನಾಲ್ಕು ವಿಷಯ ಬರೆಸಿಕೊಂಡೆ: ಗಂಡೋ ಹೆಣ್ಣೋ, ವಯಸ್ಸಿನಲ್ಲಿ ಹಿರಿಯರೋ ಕಿರಿಯರೋ, ಬದುಕಿದ್ದಾರೋ ಇಲ್ಲವೋ, ನೀವು ಅವರನ್ನು ಬಾಯಲ್ಲಿ ಏನೆಂದು ಕರೆಯುತ್ತಿದ್ದಿರಿ.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷ್ ಹಾಳೆಯಲ್ಲಿ "ರೆಸ್ಪಾಂಡೆಂಟ್ಸ್" ಎಂದಿತ್ತು, ಅಂದರೆ ಮಾಹಿತಿ ಕೊಟ್ಟವರು. ನಿಘಂಟಿನಲ್ಲಿ ಅದಕ್ಕೆ ಮಲಯಾಳಂ ಪದ ಸಿಗುತ್ತದೆ, ಜಾನಪದ ಅಧ್ಯಯನದವರು ನಮ್ಮ "ವಕ್ತೃ"ವಿಗೆ ಸಮನಾಗಿ "ಆವೇದಕರ್" ಎನ್ನುತ್ತಾರೆ. ಆದರೆ ಪಡನ್ನದ ಹೆಂಗಸೊಬ್ಬರು ತಮ್ಮನ್ನು ಆವೇದಕಿ ಎಂದು ಗುರುತಿಸಿಕೊಳ್ಳುವುದಿಲ್ಲ. ಸಂಶೋಧಕಿ ಅವರನ್ನು ಕರೆಯುತ್ತಿದ್ದದ್ದು ಚೇಚ್ಚಿ ಎಂದು, ಮುಸ್ಲಿಂ ಮನೆಗಳಲ್ಲಿ ಇತ್ತ ಎಂದು. ಎರಡೂ ಅಕ್ಕ ಎಂಬ ಅರ್ಥದವೇ. ಹಾಗಿದ್ದ ಮೇಲೆ ಅಚ್ಚಿನಲ್ಲೂ "ಚೇಚ್ಚಿಮಾರ್", "ಇತ್ತಮಾರ್" ಎಂದೇ ಬರಬೇಕು.

ಹೆಸರು ಹಾಕುವುದಾದರೆ ಅವರ ಒಪ್ಪಿಗೆಯನ್ನೂ ಈಗಲೇ ಕೇಳಿಸಿ. ಥೀಸಿಸ್ ಒಳಗೆ ಬದಲಿ ಹೆಸರು ಕೊಟ್ಟು ಕಾಪಾಡಿದವರ ನಿಜ ಹೆಸರು ಕೃತಜ್ಞತೆಯಲ್ಲಿ ಬಯಲಾದರೆ ಒಳಗಿನ ಎಚ್ಚರಿಕೆ ವ್ಯರ್ಥ. ಈಕೆ ಯಾರ ಹೆಸರನ್ನೂ ಹಾಕಲಿಲ್ಲ.

ಮನೆಯವರ ವಿಷಯಕ್ಕೂ ಇದೇ ಪಟ್ಟಿ ಸಾಕು. ಇಂಗ್ಲಿಷಿನ ಬ್ರದರ್ ಚೇಟ್ಟನೋ ಅನಿಯನೋ, ಅಣ್ಣನೋ ತಮ್ಮನೋ, ಗೊತ್ತಾಗದೆ ಮಲಯಾಳಂನಲ್ಲಿ ವಾಕ್ಯ ಮುಂದೆ ಹೋಗುವುದಿಲ್ಲ. ದೇವರನ್ನು ನೆನೆದಿದ್ದರೆ ಅವರ ಮನೆಯ ಮಾತು ಯಾವುದೆಂದು ಕೇಳಿ. "ದೈವಂ" ಎಲ್ಲರಿಗೂ ಸಲ್ಲುತ್ತದೆ, "ಜಗದೀಶ್ವರನ್" ಎಂದ ಕೂಡಲೇ ಹಿಂದೂ ಮನೆಯಾಗುತ್ತದೆ. ತುಳುನಾಡಿನವರಿಗೆ ದೈವ ಬೇರೆ, ದೇವರು ಬೇರೆ. ಮಲಯಾಳಂನಲ್ಲಿ ದೇವರಿಗೇ ದೈವಂ ಎನ್ನುವುದು, ಅದಕ್ಕೆ ಹಿಂಜರಿಯಬೇಕಿಲ್ಲ.

ಉಪಕಾರದ ತೂಕ ನೋಡಿ ಪದ ಆರಿಸಿ

ಇಂಗ್ಲಿಷ್ ಪುಟದಲ್ಲಿ ಎಲ್ಲರಿಗೂ ಒಂದೇ ಕ್ರಿಯಾಪದ, ಥ್ಯಾಂಕ್. ವ್ಯತ್ಯಾಸವನ್ನು ವಿಶೇಷಣಗಳು ತೋರಿಸುತ್ತವೆ: ಸಿನ್ಸಿಯರ್, ಹಾರ್ಟ್‌ಫೆಲ್ಟ್, ಡೀಪೆಸ್ಟ್. ಮಲಯಾಳಂನಲ್ಲಿ ಆ ವ್ಯತ್ಯಾಸ ಮೂಲ ಪದದಲ್ಲೇ ಇದೆ. ಆದ್ದರಿಂದ ಎರಡನೆಯ ಹೆಜ್ಜೆ, ಯಾರ ಉಪಕಾರ ಎಷ್ಟು ತೂಕದ್ದು ಎಂದು ನೋಡಿ ಪದ ಹಂಚುವುದು.

"ನಂದಿ" ಎಲ್ಲಕ್ಕಿಂತ ಹಗುರ, ಎಲ್ಲ ಕಡೆಗೂ ಸಲ್ಲುವ ಪದ. ಬರೆಯುವುದು ನಂದಿ, ಬಾಯಲ್ಲಿ ಹೆಚ್ಚಾಗಿ ನನ್ನಿ ಎಂದು ಕೇಳಿಸುತ್ತದೆ. ಗ್ರಂಥಾಲಯ, ಕಚೇರಿ, ಅನುದಾನ ಕೊಟ್ಟ ಸಂಸ್ಥೆ, ಟೈಪ್ ಮಾಡಿಕೊಟ್ಟವರು, ಇವರಿಗೆ ಅದು ಸಾಕು. "ಕೃತಜ್ಞತ" ಕನ್ನಡದ್ದೇ ಪದ, ಬರಹದ ಗಾಂಭೀರ್ಯ ಇರುವಂಥದ್ದು. ಪುಟದ ತಲೆಬರಹಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಧನ್ಯವಾದ ಎಂಬುದನ್ನು ಮಾತ್ರ ಮಲಯಾಳಂಗೆ ಒಯ್ಯಬೇಡಿ, ಅಲ್ಲಿ ಅದು ಹಿಂದಿಯವರ ಮಾತಿನಂತೆ ಕೇಳುತ್ತದೆ.

ಇವೆರಡಕ್ಕಿಂತ ಆಳದ್ದು "ಕಡಪ್ಪಾಡ್". ಕನ್ನಡದ ಕೈಗಡದಲ್ಲಿರುವ ಕಡವೇ ಅಲ್ಲಿಯೂ ಇದೆ. ತೀರಿಸಬೇಕಾದ ಬಾಧ್ಯತೆ ಎಂಬ ಅರ್ಥ. ನಾವು "ಋಣಿಯಾಗಿದ್ದೇನೆ" ಎನ್ನುವಲ್ಲಿ ಅವರು "ಕಡಪ್ಪೆಟ್ಟಿರಿಕ್ಕುನ್ನು" ಎನ್ನುತ್ತಾರೆ. ನಮ್ಮ ಋಣವನ್ನೇ ಎತ್ತಿ ಇಟ್ಟರೆ ಮಲಯಾಳಂ ಓದುಗರಿಗೆ ಅದು ಬ್ಯಾಂಕಿನ, ಲೆಕ್ಕದ ಪದವಾಗಿ ಕಾಣುತ್ತದೆ. ತೀರಿಸಲಾರದ ಋಣ ಎನ್ನಲು ಅವರಲ್ಲಿ ತುಂಬ ಚೆಂದದ ನುಡಿ ಇದೆ: "ತೀರ್ತ್ತಾಲ್ ತೀರಾತ್ತ ಕಡಪ್ಪಾಡ್". ತೀರಿಸಿದರೂ ತೀರದ್ದು. ಇಡೀ ಪುಟದಲ್ಲಿ ಇದನ್ನು ಒಂದೇ ಸಲ ಬಳಸಿ. ಎರಡನೆಯ ಸಲ ಬಂದರೆ ಮೊದಲನೆಯದರ ತೂಕವೂ ಹೋಗುತ್ತದೆ.

ಕಡಪ್ಪಾಡ್ ಎಂಬ ಪದಕ್ಕೆ ಇನ್ನೊಂದು ಉಪಯೋಗವೂ ಇದೆ. ಪತ್ರಿಕೆಯಲ್ಲಿ ಚಿತ್ರದ ಕೆಳಗೆ ನಾವು "ಕೃಪೆ" ಎಂದು ಹಾಕುವಲ್ಲಿ ಅವರು "ಕಡಪ್ಪಾಡ್" ಎಂದು ಹಾಕುತ್ತಾರೆ. ಹಾಗಾಗಿ ಆ ಒಂದು ಪದವನ್ನೇ ಬರೆದು ಎದುರಿಗೆ ಹೆಸರುಗಳ ಪಟ್ಟಿ ಕೊಟ್ಟರೆ ಅದು ಚಿತ್ರಕೃಪೆಯಂತೆ ಕಾಣುತ್ತದೆ. ಪೂರ್ಣ ವಾಕ್ಯದಲ್ಲಿ ಬಂದಾಗಲೇ ಅದರಲ್ಲಿ ಬಾಧ್ಯತೆಯ ಭಾವ ಉಳಿಯುವುದು.

ವಿಭಕ್ತಿಯನ್ನೂ ಗಮನಿಸಿ. ಕನ್ನಡದಲ್ಲಿ ಅವರಿಗೆ ಋಣಿ, ಅವರಿಗೆ ಕೃತಜ್ಞ. ಮಲಯಾಳಂನಲ್ಲಿ "ಅಧ್ಯಾಪಿಕಯೋಡ್ ಕಡಪ್ಪೆಟ್ಟಿರಿಕ್ಕುನ್ನು", "ಚೇಚ್ಚಿಮಾರೋಡ್ ನಂದಿ ಪರಯುನ್ನು". ಯಾರೊಂದಿಗೆ ಮಾತಾಡುತ್ತೇವೋ ಅವರಿಗೆ ಹಚ್ಚುವ "ಓಡ್" ಪ್ರತ್ಯಯ ಅದು. ನಂದಿಯ ಜೊತೆ ನಮ್ಮ "ಗೆ"ಗೆ ಸಮನಾದ ರೂಪವೂ ನಡೆಯುತ್ತದೆ, ಆದರೆ ಕಡಪ್ಪಾಡಿನ ಜೊತೆ ಓಡ್ ಇರಲೇಬೇಕು.

ಹಂಚಿಕೆ ಹೀಗಾಯಿತು. ಕಡಪ್ಪಾಡ್ ಇಬ್ಬರಿಗೇ, ಮಾರ್ಗದರ್ಶಕಿಗೆ ಮತ್ತು ಪಡನ್ನದ ಹೆಂಗಸರಿಗೆ. ಯು.ಜಿ.ಸಿ. ಫೆಲೋಶಿಪ್‌ಗೆ, ವಿಭಾಗಕ್ಕೆ, ಗ್ರಂಥಾಲಯಕ್ಕೆ "ನಂದಿ ರೇಖಪ್ಪೆಡುತ್ತುನ್ನು", ಅಂದರೆ ಧನ್ಯವಾದವನ್ನು ದಾಖಲಿಸುತ್ತೇನೆ. ಗೆಳತಿಯರಿಗೆ "ಸ್ನೇಹಂ". ಇಲ್ಲಿ ಕನ್ನಡಿಗರು ನೆನಪಿಡಬೇಕಾದದ್ದು, ಮಲಯಾಳಂನ ಸ್ನೇಹಂ ಅಂದರೆ ಪ್ರೀತಿ. ಗೆಳೆತನಕ್ಕೆ ಅವರು ಸೌಹೃದಂ ಎನ್ನುತ್ತಾರೆ.

ಕೊಟ್ಟದ್ದು ಯಾರು, ಪಡೆದದ್ದು ಯಾರು

ಕೃತಜ್ಞತೆಯ ಪುಟದಲ್ಲಿ ಅತಿ ಹೆಚ್ಚು ಬರುವ ಕ್ರಿಯೆ ಕೊಡುವುದು. ಸಲಹೆ ಕೊಟ್ಟರು, ಸಮಯ ಕೊಟ್ಟರು, ಧೈರ್ಯ ಕೊಟ್ಟರು. ಕನ್ನಡಕ್ಕೆ ಒಂದೇ ಕೊಡು ಸಾಕು, ಇಂಗ್ಲಿಷಿಗೂ ಒಂದೇ ಗಿವ್. ಮಲಯಾಳಂನಲ್ಲಿ ಎರಡಿವೆ. ನನಗೆ ಅಥವಾ ನಿನಗೆ ಕೊಟ್ಟದ್ದಾದರೆ "ತನ್ನು", ಬೇರೆ ಯಾರಿಗೋ ಕೊಟ್ಟದ್ದಾದರೆ "ಕೊಡುತ್ತು".

ಕನ್ನಡಿಗರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ನಮಗೆ ಕೊಡುತ್ತು ಎಂಬುದು ಕೊಟ್ಟರು ಎಂಬುದರ ನೆಂಟನಾಗಿ ಕಾಣುತ್ತದೆ. ತನ್ನು ಎಂಬುದು ತಂದರು ಎಂದು ಕೇಳಿಸುತ್ತದೆ. ಹಾಗಾಗಿ ತನ್ನು ಬರಬೇಕಾದಲ್ಲೆಲ್ಲ ಕೊಡುತ್ತು ಬರೆಯುತ್ತೇವೆ. ನಾನು ಮೊದಲ ಬಾರಿ ಇಂಥ ಪುಟ ಮಾಡಿದಾಗ ಉದ್ದಕ್ಕೂ ಹೀಗೇ ಬರೆದಿದ್ದೆ. ಓದಿದ ನೆರೆಮನೆಯವರು, "ಸಲಹೆಯನ್ನು ಆ ಗುರುಗಳು ಯಾರಿಗೆ ಕೊಟ್ಟರು?" ಎಂದು ಕೇಳಿದರು. ವ್ಯಾಕರಣದ ತಪ್ಪಿಗಿಂತ ಅದು ಭಾವದ ತಪ್ಪು. ತನ್ನು ಎಂದರೆ ಕೊಟ್ಟವರ ಕೈ ನನ್ನ ಕಡೆ ಚಾಚಿದೆ, ಪಡೆದವಳಾಗಿ ನಾನು ವಾಕ್ಯದ ಒಳಗೇ ನಿಂತಿದ್ದೇನೆ. ಕೊಡುತ್ತು ಎಂದರೆ ನಾನು ದೂರ ನಿಂತು ವರದಿ ಮಾಡುತ್ತಿದ್ದೇನೆ.

ಈ ತನ್ನು ಬೇರೆ ಕ್ರಿಯೆಗಳಿಗೂ ಬಾಲವಾಗಿ ಅಂಟುತ್ತದೆ. "ಪರಞ್ಞುತನ್ನು" ಅಂದರೆ ಹೇಳಿಕೊಟ್ಟರು. "ತಿರುತ್ತಿತ್ತನ್ನು" ಅಂದರೆ ತಿದ್ದಿಕೊಟ್ಟರು. "ಕಾಣಿಚ್ಚುತನ್ನು" ಅಂದರೆ ತೋರಿಸಿಕೊಟ್ಟರು. ಇಂಗ್ಲಿಷ್ ಪುಟದ ಇನ್‌ವ್ಯಾಲ್ಯುಯಬಲ್ ಗೈಡೆನ್ಸ್ ಎಂಬ ನಾಮಪದವನ್ನು ಒಡೆದು ಇಂಥ ಒಂದು ಕ್ರಿಯೆ ಮಾಡಿದರೆ ವಿನಯ ತಾನಾಗಿ ಬರುತ್ತದೆ, ಬೇರೆ ವಿಶೇಷಣ ಬೇಕಾಗುವುದಿಲ್ಲ. ಎಲ್ಲಿ ತನ್ನುವೋ ಕೊಡುತ್ತುವೋ ಎಂದು ಸಂಶಯ ಬಂತೋ ಅಲ್ಲಿ "ನಲ್ಗಿ" ಎಂದು ಬರೆಯಿರಿ. ಅದು ನಮ್ಮ ನೀಡಿದರು ಇದ್ದಂತೆ, ಯಾರಿಗೆ ಕೊಟ್ಟರೂ ಸಲ್ಲುತ್ತದೆ. ಆದರೆ ಸ್ವಲ್ಪ ಔಪಚಾರಿಕ, ಸಂಸ್ಥೆಗಳ ವಾಕ್ಯಕ್ಕೆ ಹೊಂದುತ್ತದೆ.

ಇನ್ನೊಂದು ವಿಷಯ. ಮಲಯಾಳಂ ಕ್ರಿಯಾಪದಕ್ಕೆ ನಾನು, ನೀನು, ಅವನು ಎಂಬ ಗುರುತಿಲ್ಲ. ಕನ್ನಡದಲ್ಲಿ ಸ್ಮರಿಸುತ್ತೇನೆ ಎಂದರೆ ನಾನು ಎಂಬುದು ಅದರಲ್ಲೇ ಇದೆ. "ಸ್ಮರಿಕ್ಕುನ್ನು" ಎಂದರೆ ಯಾರು ಬೇಕಾದರೂ ಆಗಬಹುದು. ಕನ್ನಡದ ಅಭ್ಯಾಸದಲ್ಲಿ ಎಲ್ಲ ಕಡೆ ಸರ್ವನಾಮ ಬಿಟ್ಟರೆ ಉದ್ದ ವಾಕ್ಯದ ಕೊನೆಗೆ ಬರುವ ಹೊತ್ತಿಗೆ ಸ್ಮರಿಸಿದವರು ಯಾರು ಎಂದು ಮಸುಕಾಗುತ್ತದೆ. ಪ್ರತಿ ವಾಕ್ಯಕ್ಕೂ "ಞಾನ್" ಹಾಕಿದರೆ ನಾನು ನಾನು ಎಂಬ ಸದ್ದೇ ತುಂಬುತ್ತದೆ, ಈ ಪುಟಕ್ಕೆ ಅದು ಒಪ್ಪುವುದಿಲ್ಲ. ಪ್ಯಾರಾಗೆ ಒಂದು ಸಾಕು. ಇಬ್ಬರು ಮೂವರು ಸೇರಿ ಬರೆದ ಕೃತಿಯಾದರೆ ನಾವು ಎಂಬುದಕ್ಕೆ "ಞಙ್ಙಳ್" ಬರೆಯಬೇಕು. "ನಮ್ಮಳ್" ಎಂದರೆ ಓದುವವರೂ ಸೇರಿದ ನಾವು, ಧನ್ಯವಾದ ಪಡೆಯುವವರೇ ಧನ್ಯವಾದ ಹೇಳಿದಂತಾಗುತ್ತದೆ.

ಈ ಕ್ರಿಯಾಪದಕ್ಕೆ ಲಿಂಗವೂ ಇಲ್ಲದ್ದು ಒಂದು ಅನುಕೂಲ. "ಕೃತಜ್ಞನಾಣ್" ಗಂಡಸಿಗೆ, "ಕೃತಜ್ಞಯಾಣ್" ಹೆಂಗಸಿಗೆ. ಕಡಪ್ಪೆಟ್ಟಿರಿಕ್ಕುನ್ನು ಇಬ್ಬರಿಗೂ ಒಂದೇ.

ಗೌರವ ಎಷ್ಟು, ಎಲ್ಲಿಗೆ ನಿಲ್ಲಿಸಬೇಕು

ಕನ್ನಡದಲ್ಲಿ ಗುರುಗಳು ಗಂಡಾದರೂ ಹೆಣ್ಣಾದರೂ ಅವರು. ಮಲಯಾಳಂನಲ್ಲಿ ಗಂಡಸಿಗೆ "ಅದ್ದೇಹಂ", ಹೆಂಗಸಿಗೆ "ಅವರ್". "ಅಯಾಳ್" ಎಂದರೆ ಆ ಮನುಷ್ಯ ಎಂಬಂಥ ದೂರದ ಮಾತು, ಗುರುವಿಗೆ ಬಳಸಿದರೆ ಅಗೌರವ. ಇವೆಲ್ಲಕ್ಕಿಂತ ಸಹಜವಾದದ್ದು ಸರ್ವನಾಮವನ್ನೇ ಬಿಟ್ಟು ಕರೆಯುವ ಪದವನ್ನು ಮತ್ತೆ ಬಳಸುವುದು. ಅಧ್ಯಾಪಕಿಗೆ ಕೇರಳದಲ್ಲಿ ಎಲ್ಲೆಡೆ ಟೀಚ್ಚರ್. ಅಧ್ಯಾಪಕರಿಗೆ ತೆಂಕಣದಲ್ಲಿ ಸಾರ್, ಬಡಗಣ ಮಲಬಾರಿನಲ್ಲಿ ಮಾಷ್. 2023ರ ಜನವರಿಯಲ್ಲಿ ಕೇರಳದ ಮಕ್ಕಳ ಹಕ್ಕುಗಳ ಆಯೋಗ ಶಾಲೆಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರನ್ನೂ ಟೀಚರ್ ಎಂದೇ ಕರೆಯಲಿ ಎಂದು ನಿರ್ದೇಶನ ಕೊಟ್ಟಿತು. ಆದರೆ ನೀವು ಬರೆಯಬೇಕಾದದ್ದು ಆ ಶಿಷ್ಯೆ ಆ ಗುರುವನ್ನು ನಿಜವಾಗಿ ಏನೆಂದು ಕರೆದಳೋ ಅದನ್ನೇ.

ಹೆಸರಾದ ಮೇಲೆ ನಾವು "ಅವರು" ಸೇರಿಸುತ್ತೇವೆ. ಅದನ್ನು ಮಲಯಾಳಂನ "ಅವರ್ಗಳ್" ಆಗಿ ಮಾಡಬೇಡಿ. ಅದು ಹಳೆಯ ಅರ್ಜಿಗಳ, ಆಹ್ವಾನ ಪತ್ರಿಕೆಗಳ ಭಾಷೆ. ಡೋ. ಎಂಬುದೋ ಪ್ರೊಫ. ಎಂಬುದೋ ಹೆಸರಿಗೆ ಮೊದಲು ಇದ್ದರೆ ಹೆಸರಿಗೆ ನೇರ ಪ್ರತ್ಯಯ ಹಚ್ಚಬಹುದು, ಅಗೌರವವಾಗುವುದಿಲ್ಲ.

ವಿನಯವನ್ನು ಹೆಚ್ಚು ಮಾಡಲು ಹೋಗಿ ಕೆಲವರು ಹಳೆಯ ಮಾತುಗಳನ್ನು ಎತ್ತಿ ತರುತ್ತಾರೆ. ಇದನ್ನು ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. "ಅಡಿಯನ್" ಎಂಬ ಪದ ಭಕ್ತಿಗೀತೆಯಲ್ಲಿ ಇಂಪಾಗಿ ಕೇಳಬಹುದು. ಆದರೆ ಕೇರಳದಲ್ಲಿ ಜಾತಿಯಲ್ಲಿ ಕೆಳಗೆಂದು ತಳ್ಳಲ್ಪಟ್ಟವರು ಮೇಲಿನವರ ಮುಂದೆ ತಮ್ಮನ್ನು ನಾನು ಎಂದುಕೊಳ್ಳುವಂತಿರಲಿಲ್ಲ, ಅಡಿಯನ್ ಎನ್ನಬೇಕಿತ್ತು. ತಮ್ಮ ಮನೆಯನ್ನು ಮನೆ ಎನ್ನುವಂತಿರಲಿಲ್ಲ, "ಕುಪ್ಪಮಾಡಂ" ಎನ್ನಬೇಕಿತ್ತು. ಆ ನೆನಪು ಅಳಿದಿಲ್ಲ. ಹೆಂಗಸರ ದುಡಿಮೆಯ ಬಗ್ಗೆ ಬರೆದ ಪ್ರಬಂಧದ ಮೊದಲ ಪುಟದಲ್ಲಿ ಆ ಪದ ಬಂದರೆ ಓದುವವರಿಗೆ ನೋವಾಗುತ್ತದೆ. ವಿನಯಕ್ಕೆ "ಎಳಿಯ" ಎಂಬ ಸರಳ ಪದ ಇದೆ. "ಎಂಡೆ ಎಳಿಯ ಶ್ರಮಂ" ಅಂದರೆ ನನ್ನ ಕಿರುಪ್ರಯತ್ನ. ಬೇಕಿದ್ದರೆ ಅಷ್ಟು ಸಾಕು.

ಬದುಕಿರುವವರನ್ನು ತೀರಿಹೋದವರ ಸಾಲಿಗೆ ಸೇರಿಸುವ ಅಪಾಯ ಈ ಪುಟದಲ್ಲಿ ನಿಜವಾಗಿಯೂ ಇದೆ. ಆದರ, ಅಂಜಲಿ ಎರಡೂ ನಮಗೆ ಒಳ್ಳೆಯ ಪದಗಳು, ಸೇರಿಸಿದರೆ ಇನ್ನೂ ಒಳ್ಳೆಯದಾಗಬೇಕಲ್ಲ ಎನಿಸುತ್ತದೆ. ಆದರೆ "ಆದರಾಂಜಲಿಗಳ್" ಎಂಬುದು ಕೇರಳದ ಬೀದಿಯಲ್ಲಿ ಕಾಣುವುದು ಸತ್ತವರ ಫೋಟೊ ಇರುವ ಪೋಸ್ಟರಿನಲ್ಲಿ, ನಮ್ಮ ಶ್ರದ್ಧಾಂಜಲಿಯ ಜಾಗದಲ್ಲಿ. ಬದುಕಿರುವ ಗುರುವಿಗೆ ಅದನ್ನು ಬರೆಯಲೇಬೇಡಿ. ಹಾಗೆಯೇ ತೀರಿಹೋದವರಿಗೆ ಅವರು ಬಳಸುವ "ಪರೇತನಾಯ", "ಪರೇತಯಾಯ" ಎಂಬ ಪದ ಕನ್ನಡದ ಕಿವಿಗೆ ಪ್ರೇತದಂತೆ ಕೇಳಿಸಿ ಕೈ ಹಿಂಜರಿಯುತ್ತದೆ. ಅದು ಅಲ್ಲಿ ಗೌರವದ ಪದವೇ, ನಮ್ಮ ದಿವಂಗತ ಇದ್ದಂತೆ. ಧೈರ್ಯವಾಗಿ ಬರೆಯಬಹುದು. "ನಂದಿಯೋಡೆ ಸ್ಮರಿಕ್ಕುನ್ನು" ಎಂಬುದನ್ನು ಬದುಕಿರುವವರಿಗೂ ಬಳಸುತ್ತಾರೆ, ಆ ಬಗ್ಗೆ ಹೆದರಿಕೆ ಬೇಡ.

ರೂಪ ಒಂದೇ, ಅರ್ಥ ಬೇರೆ

ಇಂಗ್ಲಿಷಿನಿಂದ ಅನುವಾದ ಮಾಡುವಾಗ ಕನ್ನಡ ಮನಸ್ಸಿನೊಳಗೆ ಹಾದುಹೋಗಿಯೇ ಹೋಗುತ್ತದೆ. ಆಗ ಸಂಸ್ಕೃತ ಪದಗಳು ಮೋಸ ಮಾಡುತ್ತವೆ. ಫೀಲ್ಡ್‌ವರ್ಕ್ ನಮಗೆ ಕ್ಷೇತ್ರಕಾರ್ಯ. ಮಲಯಾಳಂನಲ್ಲಿ ಕ್ಷೇತ್ರಂ ಎಂದರೆ ಮೊದಲು ನೆನಪಾಗುವುದು ದೇವಸ್ಥಾನ. "ಕ್ಷೇತ್ರಕಾರ್ಯತ್ತಿಲ್ ಸಹಾಯಿಚ್ಚವರ್" ಎಂದರೆ ದೇವಸ್ಥಾನದ ಕೆಲಸದಲ್ಲಿ ನೆರವಾದವರು ಎಂದಾಗುತ್ತದೆ. ಅಲ್ಲಿ ಫೀಲ್ಡ್‌ವರ್ಕ್ ಎಂದೇ ಬರೆಯುತ್ತಾರೆ, ನೀವೂ ಹಾಗೇ ಬರೆಯಿರಿ. ನಮ್ಮ ಸಂಸಾರ ಮನೆಮಂದಿ, ಅವರ ಸಂಸಾರಂ ಮಾತುಕತೆ. ನಮ್ಮ ಅವಸರ ಗಡಿಬಿಡಿ, ಅವರ ಅವಸರಂ ಸಂದರ್ಭ. ಹಾಗಾಗಿ "ಈ ಅವಸರತ್ತಿಲ್" ಎಂಬುದು ಈ ಸಂದರ್ಭದಲ್ಲಿ ಎಂಬ ಒಳ್ಳೆಯ ಆರಂಭ. ನಮ್ಮ ಉಪನ್ಯಾಸಕರು ಪಾಠ ಮಾಡುವವರು, ಅವರ ಉಪನ್ಯಾಸಂ ಬರೆದ ಪ್ರಬಂಧ. ನಮ್ಮ ಸಂಶೋಧನೆಗೆ ಅವರ ಪದ ಗವೇಷಣಂ, ಸಂಶೋಧನಂ ಎಂದರೆ ತಿದ್ದಿ ಶುದ್ಧಗೊಳಿಸುವುದು. ವಿಶ್ವವಿದ್ಯಾಲಯ ಸರ್ವಕಲಾಶಾಲ ಆಗುತ್ತದೆ.

ಕರಡು ಮುಗಿದ ಮೇಲೆ ಸಂಸ್ಕೃತ ಪದಗಳಿಗೆಲ್ಲ ಅಡಿಗೆರೆ ಎಳೆದು ಒಂದೊಂದನ್ನೂ ಮಲಯಾಳಂ ನಿಘಂಟಿನಲ್ಲಿ ನೋಡುವುದು ನನ್ನ ಪದ್ಧತಿ. ಎರಡು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಇಂಗ್ಲಿಷ್ ವಾಕ್ಯದ ಎಲುಬು ಮುರಿಯುವುದು

ಹಾಳೆಯ ಮೊದಲ ವಾಕ್ಯವೇ "ಐ ವುಡ್ ಲೈಕ್ ಟು ಎಕ್ಸ್‌ಪ್ರೆಸ್ ಮೈ ಸಿನ್ಸಿಯರ್ ಗ್ರ್ಯಾಟಿಟ್ಯೂಡ್" ಎಂದಿತ್ತು. ಕನ್ನಡದಲ್ಲಿ ನಾವು ಕೃತಜ್ಞತೆ ಸಲ್ಲಿಸಬಯಸುತ್ತೇನೆ ಎಂದು ಒಗ್ಗಿಕೊಂಡಿದ್ದೇವೆ. ಅದನ್ನೇ "ನಂದಿ ಪರಯಾನ್ ಆಗ್ರಹಿಕ್ಕುನ್ನು" ಎಂದರೆ, ಹೇಳಲು ಆಸೆಯಿದೆ ಎಂದಷ್ಟೇ ಆಗುತ್ತದೆ, ಹೇಳಿದಂತಾಗುವುದಿಲ್ಲ. ಮಲಯಾಳಂನಲ್ಲಿ ಆ ಸೌಜನ್ಯಕ್ಕೆ ಬೇರೆ ದಾರಿ ಇದೆ. "ನಂದಿ ಪರಯಟ್ಟೆ" ಎಂದರೆ ನಂದಿ ಹೇಳಲೇ ಎಂದು ಅಪ್ಪಣೆ ಕೇಳಿದಂತೆ. "ನಂದಿ ಅರಿಯಿಚ್ಚುಕೊಳ್ಳುನ್ನು" ಎಂಬುದು ಪತ್ರದ ಭಾಷೆ, ತುಸು ಔಪಚಾರಿಕ. ಮೊದಲನೆಯದನ್ನು ಪುಟದ ಆರಂಭಕ್ಕೆ, ಎರಡನೆಯದನ್ನು ಸಂಸ್ಥೆಗಳಿಗೆ ಇಟ್ಟುಕೊಳ್ಳಬಹುದು.

ವಿದೌಟ್ ಹೂಮ್ ಎಂದು ಬರುವ ವಾಕ್ಯವನ್ನು ಆರುಡೆ ಸಹಾಯಮಿಲ್ಲಾತೆ ಎಂದು ಎಳೆಯಬೇಡಿ. ಎರಡಾಗಿ ಒಡೆದು, ಅವರು ಮಾಡಿದ ಸಹಾಯ ಮೊದಲು ಹೇಳಿ, ಆಮೇಲೆ "ಅತಿಲ್ಲಾಯಿರುನ್ನೆಂಗಿಲ್ ಈ ಪ್ರಬಂಧಂ ಪೂರ್ತ್ತಿಯಾಕುಮಾಯಿರುನ್ನಿಲ್ಲ" ಎನ್ನಿ. ಅದಿಲ್ಲದಿದ್ದರೆ ಈ ಪ್ರಬಂಧ ಮುಗಿಯುತ್ತಿರಲಿಲ್ಲ.

ಅನ್‌ಕಂಡಿಷನಲ್ ಲವ್ ಎಂಬುದಕ್ಕೆ "ಉಪಾಧಿಗಳಿಲ್ಲಾತ್ತ ಸ್ನೇಹಂ" ಎಂದು ಈಗ ಬರೆಯುವವರಿದ್ದಾರೆ. ಉಪಾಧಿ ನ್ಯಾಯಾಲಯದ ಷರತ್ತಿನ ಪದ, ಜಾಮೀನಿನ ಸುದ್ದಿಯಲ್ಲಿ ಬರುವಂಥದ್ದು. ತಾಯಿ ತಂದೆಯ ಪ್ರೀತಿಯ ಮುಂದೆ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ. "ಅವರು ನಿಮಗಾಗಿ ಏನು ಮಾಡಿದರು?" ಎಂದು ಸಂಶೋಧಕಿಯನ್ನು ಕೇಳಿದೆ. "ಐದು ವರ್ಷ ಒಮ್ಮೆಯೂ ಯಾವಾಗ ಮುಗಿಯುತ್ತದೆ ಅಂತ ಕೇಳಲಿಲ್ಲ" ಎಂದರು. ನಮಗೆ ಬೇಕಾದ ವಾಕ್ಯ ಅದೇ.

ಕೊನೆಗೆ ಮೂಡಿದ ಪ್ಯಾರಾಗಳು

ಮಾರ್ಗದರ್ಶಕಿಯ ಬಗ್ಗೆ ಇಂಗ್ಲಿಷಿನಲ್ಲಿ ಐದು ಸಾಲಿತ್ತು, ಅದರಲ್ಲಿ ಏಳು ವಿಶೇಷಣ. ಮಲಯಾಳಂನಲ್ಲಿ ಹೀಗಾಯಿತು:

"ಈ ಗವೇಷಣತ್ತಿಂಡೆ ಓರೋ ಘಟ್ಟತ್ತಿಲುಂ ವೞಿಕಾಟ್ಟಿಯಾಯಿ ಕೂಡೆನಿನ್ನ ಎಂಡೆ ಅಧ್ಯಾಪಿಕಯೋಡ್ ತೀರ್ತ್ತಾಲ್ ತೀರಾತ್ತ ಕಡಪ್ಪಾಡುಂಡ್. ಎೞುತಿಕ್ಕೊಡುತ್ತ ಓರೋ ಅಧ್ಯಾಯವುಂ ಮೂನ್ನುಂ ನಾಲುಂ ತವಣ ವಾಯಿಚ್ಚ್ ಟೀಚ್ಚರ್ ತಿರುತ್ತಿತ್ತನ್ನು."

ಸಂಶೋಧನೆಯ ಪ್ರತಿ ಹಂತದಲ್ಲೂ ದಾರಿ ತೋರಿಸುತ್ತ ಜೊತೆ ನಿಂತ ನನ್ನ ಅಧ್ಯಾಪಕಿಗೆ ತೀರಿಸಲಾರದಷ್ಟು ಋಣಿ, ಬರೆದುಕೊಟ್ಟ ಪ್ರತಿ ಅಧ್ಯಾಯವನ್ನೂ ಮೂರು ನಾಲ್ಕು ಸಲ ಓದಿ ಟೀಚರ್ ತಿದ್ದಿಕೊಟ್ಟರು ಎಂದು ಅರ್ಥ. ಎರಡನೆಯ ವಾಕ್ಯದಲ್ಲಿ ಎರಡೂ ಕೊಡುವಿಕೆ ಇರುವುದನ್ನು ಗಮನಿಸಿ. ಶಿಷ್ಯೆ ಗುರುವಿಗೆ ಬರೆದುಕೊಟ್ಟದ್ದು "ಕೊಡುತ್ತ", ಗುರು ಶಿಷ್ಯೆಗೆ ತಿದ್ದಿಕೊಟ್ಟದ್ದು "ತನ್ನು".

ಪಡನ್ನದ ಹೆಂಗಸರಿಗೆ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಸಾಲು, ಮಾಹಿತಿ ನೀಡಿದ ರೆಸ್ಪಾಂಡೆಂಟ್ಸ್‌ಗೆ ಧನ್ಯವಾದ ಎಂದು. 'ಅವರಿಗೆಂದೇ ಅಚ್ಚಾಗುವ ಪುಟ ಇದು, ಸ್ವಲ್ಪ ಹಿಗ್ಗಲಿ' ಎಂದು ಸಂಶೋಧಕಿಯ ಒಪ್ಪಿಗೆ ಪಡೆದುಕೊಂಡೆ. ಒಪ್ಪಿಗೆ ಇಲ್ಲದೆ ಅನುವಾದಕರು ಒಂದು ಪದವನ್ನೂ ಸೇರಿಸಬಾರದು.

"ಕಾಯಲಿಲ್ ಪಣಿ ಕೞಿಞ್ಞು ತಳರ್ನ್ನುವನ್ನ ನೇರತ್ತುಂ ಎನಿಕ್ಕುವೇಂಡಿ ಸಮಯಂ ಕಂಡೆತ್ತಿಯ ಪಡನ್ನಯಿಲೆ ಚೇಚ್ಚಿಮಾರೋಡುಂ ಇತ್ತಮಾರೋಡುಂ ಞಾನ್ ಕಡಪ್ಪೆಟ್ಟಿರಿಕ್ಕುನ್ನು. ಅವರ್ ಪರಞ್ಞುತನ್ನತಾಣ್ ಈ ಪ್ರಬಂಧತ್ತಿಲುಳ್ಳತ್. ಪಿೞವುಗಳ್ ಎಂಡೇದು ಮಾತ್ರಂ."

ಹಿನ್ನೀರಿನ ಕೆಲಸ ಮುಗಿಸಿ ದಣಿದು ಬಂದ ಹೊತ್ತಿನಲ್ಲೂ ನನಗಾಗಿ ಸಮಯ ಮಾಡಿಕೊಂಡ ಪಡನ್ನದ ಅಕ್ಕಂದಿರಿಗೆ ಋಣಿ, ಈ ಪ್ರಬಂಧದಲ್ಲಿ ಇರುವುದು ಅವರು ಹೇಳಿಕೊಟ್ಟದ್ದು, ತಪ್ಪುಗಳು ನನ್ನವು ಮಾತ್ರ. ಇಂಗ್ಲಿಷ್ ಪುಟಗಳ ಕೊನೆಯಲ್ಲಿ ರೂಢಿಯಾಗಿ ಬರುವ ಆಲ್ ರಿಮೇನಿಂಗ್ ಎರರ್ಸ್ ಎಂಬ ಸಾಲು ಇಲ್ಲಿಗೆ ಸರಿದದ್ದರಿಂದ ಅದಕ್ಕೊಂದು ಕಾರಣ ಸಿಕ್ಕಿತು.

ಮನೆಯವರ ಸಾಲು: "ಎಪ್ಪೋಳ್ ತೀರುಂ ಎನ್ನ್ ಒರಿಕ್ಕಲುಂ ಚೋದಿಕ್ಕಾತೆ ಕೂಡೆನಿನ್ನ ಅಚ್ಛನುಂ ಅಮ್ಮಯುಂ. ಈ ಪ್ರಬಂಧಂ ಅವರುಡೇದು ಕೂಡಿಯಾಣ್." ಯಾವಾಗ ಮುಗಿಯುತ್ತದೆಂದು ಒಮ್ಮೆಯೂ ಕೇಳದೆ ಜೊತೆ ನಿಂತ ಅಪ್ಪ ಅಮ್ಮ, ಈ ಪ್ರಬಂಧ ಅವರದ್ದೂ ಹೌದು. ನಂದಿ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಿಟ್ಟೆ. ಹೆತ್ತವರಿಗೆ ಥ್ಯಾಂಕ್ಸ್ ಹೇಳಿದರೆ ನಮ್ಮಲ್ಲಿ ಹೇಗೆ ದೂರ ಮಾಡಿದಂತಾಗುತ್ತದೋ ಅಲ್ಲೂ ಹಾಗೆಯೇ.

ಅಚ್ಚಿಗೆ ಹೋಗುವ ಮುನ್ನ

ಮಲಯಾಳಂನ ಚಿಲ್ಲು ಅಕ್ಷರಗಳು, ಅಂದರೆ ಸ್ವರವಿಲ್ಲದೆ ನಿಲ್ಲುವ ಅರ್ಧಾಕ್ಷರಗಳು, 2008ರಲ್ಲಿ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ಪಡೆದವು. ಅದಕ್ಕೆ ಮೊದಲಿನ ಕ್ರಮದಲ್ಲಿ ಟೈಪಾದದ್ದನ್ನು ನಕಲು ಮಾಡಿ ಅಂಟಿಸಿದರೆ ಕೆಲವು ಕಡೆ ಅಕ್ಷರ ಒಡೆದು, ಚಂದ್ರಕಲೆ ಎಂಬ ಅರ್ಧಚಂದ್ರದ ಗುರುತು ಬೇರೆ ನಿಲ್ಲುತ್ತದೆ. ಮಂಜರಿ ಅಥವಾ ರಚನ ಫಾಂಟಿನಲ್ಲಿ ಪಿಡಿಎಫ್ ಮಾಡಿ, ಹೆಸರುಗಳನ್ನು ಮತ್ತು "ಎಂಡೆ" ಎಂಬ ಪದ ಬರುವಲ್ಲೆಲ್ಲ ಕಣ್ಣಿಟ್ಟು ನೋಡಿ. ಅಧ್ಯಾಪಿಕ, ಸರ್ವಕಲಾಶಾಲ ಇಂಥವನ್ನು ಒತ್ತಕ್ಷರ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಯಾವುದಾದರೂ ಸರಿ, ಪುಟದ ಉದ್ದಕ್ಕೂ ಒಂದೇ ಇರಲಿ.

ಆಮೇಲೆ ಮಲಯಾಳಂ ಮನೆಮಾತಿನವರೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಪ್ರಾಧ್ಯಾಪಕರೇ ಆಗಬೇಕಿಲ್ಲ, ಪುಟ ಯಾರಿಗಾಗಿಯೋ ಅವರಂಥವರು ಸಿಕ್ಕರೆ ಇನ್ನೂ ಒಳ್ಳೆಯದು. ಚೆನ್ನಾಗಿದೆಯೇ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬದಲಿಗೆ, ಇದರಲ್ಲಿ ಯಾರು ತೀರಿಹೋಗಿದ್ದಾರೆ, ಯಾರು ಯಾರಿಗೆ ಏನು ಕೊಟ್ಟರು, ಬರೆದವಳಿಗೆ ಯಾರ ಋಣ ಹೆಚ್ಚು ಎಂದು ಕೇಳಿ. ಉತ್ತರಗಳು ಸಂಶೋಧಕಿ ಬರೆಸಿದ ಪಟ್ಟಿಗೆ ಹೊಂದಬೇಕು. ಓದುವಾಗ ನಾಲಗೆ ತೊಡರಿದ ಸಾಲಿಗೆ ಗುರುತು ಹಾಕಿಕೊಳ್ಳಿ. ಅಲ್ಲಿ ಹೆಚ್ಚಾಗಿ ಇಂಗ್ಲಿಷ್ ಉಳಿದುಕೊಂಡಿರುತ್ತದೆ.

ಈ ಪುಟವನ್ನು ನಮ್ಮ ನೆರೆಮನೆಯ ಹೆಂಗಸು ಓದಿದರು. ಸಂಸ್ಥೆಗಳ ಪ್ಯಾರಾದಲ್ಲಿ ಎರಡು ಕಡೆ ತೊಡರಿದರು, ಅವನ್ನು ತಿದ್ದಿದೆ. "ಪಿೞವುಗಳ್ ಎಂಡೇದು ಮಾತ್ರಂ" ಎಂಬಲ್ಲಿಗೆ ಬಂದಾಗ ನಿಲ್ಲಿಸಿ, "ಇದನ್ನು ಆ ಹೆಂಗಸರಿಗೆ ಯಾರಾದರೂ ಓದಿ ಹೇಳುತ್ತಾರಲ್ಲವೇ?" ಎಂದು ಕೇಳಿದರು. ಅವರಲ್ಲಿ ಕೆಲವರಿಗೆ ವಯಸ್ಸಾಗಿದೆ, ಕಣ್ಣು ಮಂಜು ಎಂದು ಸಂಶೋಧಕಿಗೂ ಆಗ ನೆನಪಾಯಿತು. ಅಕ್ಷರದ ಗಾತ್ರವನ್ನು 12ರಿಂದ 16ಕ್ಕೆ ಏರಿಸಿ, ಎರಡು ಹಾಳೆಯಲ್ಲಿದ್ದದ್ದನ್ನು ಮೂರಕ್ಕೆ ಹರಡಿ ಅಚ್ಚಿಗೆ ಕೊಟ್ಟೆವು.